ಡಾಲರಿನ ಆಸರೆಗೆ ತೆರಬೇಕಾದ ಬೆಲೆ

ನಮ್ಮ ಮಧ್ಯಮವರ್ಗದ ಸಂಬಳ, ಮನೆ, ಭವಿಷ್ಯನಿಧಿ, ಷೇರು ಎಲ್ಲವೂ ರೂಪಾಯಿಯಲ್ಲೇ ಇರುತ್ತವೆ. ಮಗಳ ಅಮೆರಿಕದ ಓದಿನ ಶುಲ್ಕವನ್ನು ಮಾತ್ರ ಡಾಲರಿನಲ್ಲಿ ಕಟ್ಟಬೇಕು. 2010ರಲ್ಲಿ ಸುಮಾರು 45 ರೂಪಾಯಿಯಿದ್ದ ಡಾಲರ್ 2023ರ ಕೊನೆಗೆ 83 ದಾಟಿತ್ತು. ಆದ್ದರಿಂದ ಉಳಿತಾಯದ ಒಂದಂಶ ಹೊರದೇಶದ ಷೇರುಗಳಲ್ಲಿರಲಿ ಎಂಬ ವಾದದಲ್ಲಿ ಹುರುಳಿದೆ ಎಂದೇ ನಾನು ಭಾವಿಸುತ್ತೇನೆ.

ದೇಶದೇಶಗಳ ಪೇಟೆಗಳು ಸದಾ ಜೊತೆಯಾಗಿ ನಡೆಯುವುದಿಲ್ಲ. 2022ರಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್ 100 ಸೂಚ್ಯಂಕ ಮೂರನೇ ಒಂದರಷ್ಟು ಕುಸಿದರೂ ನಮ್ಮ ಸೆನ್ಸೆಕ್ಸ್ ತುಸು ಏರಿತ್ತು. ಆದರೆ 2020ರ ಮಾರ್ಚ್‌ನಂತಹ ಭೀತಿಯ ಹೊತ್ತಿನಲ್ಲಿ ಎರಡೂ ಒಟ್ಟಿಗೆ ಬಿದ್ದವು. ಹಂಚಿ ಹೂಡುವುದರ ಫಲ ವರ್ಷಗಳಲ್ಲಿ ಕಾಣುವಂಥದ್ದು, ವಾರಗಳಲ್ಲಲ್ಲ.

ಈ ಆಸರೆಗೆ ತೆರುವ ಬೆಲೆ ಎಷ್ಟು? ಇಲ್ಲಿನ 'ಫಂಡ್ ಆಫ್ ಫಂಡ್ಸ್' ನಮ್ಮ ರೂಪಾಯಿ ಪಡೆದು ವಿದೇಶಿ ಫಂಡಿನ ಯೂನಿಟ್‌ಗಳನ್ನು ಕೊಳ್ಳುತ್ತದೆ. ಹಾಗಾಗಿ ನಿರ್ವಹಣಾ ವೆಚ್ಚವನ್ನು ಇಲ್ಲಿಯೂ ಅಲ್ಲಿಯೂ ಭರಿಸಬೇಕು. ಒಂದು ಲಕ್ಷ ರೂಪಾಯಿ ಎರಡೂ ಕಡೆ ವರ್ಷಕ್ಕೆ ಶೇ 11ರಂತೆ ಬೆಳೆಯಿತೆಂದುಕೊಳ್ಳೋಣ. ವಿದೇಶಿ ಫಂಡಿನ ವೆಚ್ಚ ಒಟ್ಟು ಶೇ 1.5 ಆದರೆ ಹತ್ತು ವರ್ಷಕ್ಕೆ ಸುಮಾರು 2.48 ಲಕ್ಷ ಸಿಗುತ್ತದೆ. ಶೇ 0.3 ವೆಚ್ಚದ ದೇಶೀಯ ಸೂಚ್ಯಂಕ ಫಂಡಿನಲ್ಲಾದರೆ ಅದು 2.76 ಲಕ್ಷ.

ಇನ್ನು ತೆರಿಗೆ. ನಿಯಮಗಳು 2023ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಬದಲಾದವು. 2025ರ ಏಪ್ರಿಲ್‌ನಿಂದ ಈಚೆಗೆ, ಇಂಥ ಫಂಡನ್ನು ಎರಡು ವರ್ಷ ಮೀರಿ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ, ಮೊದಲೇ ಮಾರಿದರೆ ಅವರವರ ಆದಾಯದ ದರ. ದೇಶೀಯ ಷೇರು ಫಂಡಿಗೆ ಒಂದೇ ವರ್ಷ ಸಾಕು, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ವಿನಾಯಿತಿಯೂ ಉಂಟು. ಬೇರೆ ಲಾಭವಿಲ್ಲದವರಿಗೆ ಮೇಲಿನ ಲೆಕ್ಕದಲ್ಲಿ ತೆರಿಗೆಯ ಬಳಿಕ ಉಳಿಯುವುದು ವಿದೇಶಿ ಫಂಡಿನಲ್ಲಿ ಸುಮಾರು 2.29 ಲಕ್ಷ, ದೇಶೀಯದಲ್ಲಿ 2.70 ಲಕ್ಷ. ಈ 41 ಸಾವಿರವೇ ಆಸರೆಯ ಬೆಲೆ.

ಷೇರುಪೇಟೆಯಲ್ಲೇ ಕೊಳ್ಳುವ ವಿದೇಶಿ ಸೂಚ್ಯಂಕದ ಇಟಿಎಫ್‌ಗಳಲ್ಲಿ ಇನ್ನೊಂದು ತೊಡಕಿದೆ. ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ಹೊರದೇಶದಲ್ಲಿ ತೊಡಗಿಸಬಹುದಾದ ಹಣಕ್ಕೆ 700 ಕೋಟಿ ಡಾಲರಿನ ಮಿತಿಯಿದೆ. ಇಟಿಎಫ್‌ಗಳಿಗೆ ಪ್ರತ್ಯೇಕವಾಗಿ 100 ಕೋಟಿ. ಮಿತಿ ಮುಟ್ಟಿದರೆ ಹೊಸ ಯೂನಿಟ್ ಹುಟ್ಟುವುದಿಲ್ಲ. ಬೇಡಿಕೆ ಉಳಿದು ಬೆಲೆ ನಿಜ ಮೌಲ್ಯವನ್ನು ಮೀರುತ್ತದೆ. 100 ರೂಪಾಯಿ ಮೌಲ್ಯದ್ದನ್ನು 110ಕ್ಕೆ ಕೊಂಡವರು, ಅಂತರ ಕರಗಿದ ದಿನ ಸೂಚ್ಯಂಕ ಇಳಿಯದಿದ್ದರೂ ಶೇ 9ರಷ್ಟು ಕಳೆದುಕೊಳ್ಳುತ್ತಾರೆ. ಕೊಳ್ಳುವ ಮುನ್ನ ಫಂಡ್ ಸಂಸ್ಥೆಯ ಜಾಲತಾಣದಲ್ಲಿ ಆ ಹೊತ್ತಿನ ನಿವ್ವಳ ಮೌಲ್ಯವನ್ನು ನೋಡಿ, ಪೇಟೆಯ ಬೆಲೆಯೊಂದಿಗೆ ಹೋಲಿಸಿದರೆ ಇದು ತಿಳಿಯುತ್ತದೆ.

ಮುಂದೆ ಡಾಲರಿನಲ್ಲೇ ಖರ್ಚು ಕಾದಿರುವ ಮನೆಯವರು ಆ ಖರ್ಚಿಗೆ ತಕ್ಕಷ್ಟು ಹಣವನ್ನು ಹೀಗೆ ತೊಡಗಿಸುವುದು ಸರಿ. ಅವರಿಗೆ ಆ 41 ಸಾವಿರ ವಿಮೆಯ ಕಂತಿದ್ದಂತೆ. ಅಂಥ ಖರ್ಚೇ ಇಲ್ಲದವರು ನಿನ್ನೆಯ ಏರಿಕೆಗೆ ಮರುಳಾಗಿ ದೊಡ್ಡ ಮೊತ್ತ ಹಾಕಬೇಕಿಲ್ಲವೆಂಬುದು ನನ್ನ ಅಭಿಮತ.