16ಕ್ಕೆ ಆಗದು, 20ಕ್ಕೆ ಖಂಡಿತ

ಸಹಕಾರ ಸಂಘವೊಂದರ ಸುವರ್ಣ ಮಹೋತ್ಸವಕ್ಕೆ 160 ಪುಟಗಳ ಸ್ಮರಣ ಸಂಚಿಕೆ ಬರಬೇಕಿದೆ ಎಂದಿಟ್ಟುಕೊಳ್ಳಿ. ಪುಟವಿನ್ಯಾಸ ಮಾಡುವವರು 16ನೇ ತಾರೀಖು ಸೋಮವಾರ ಕೊಡುತ್ತೇನೆಂದು ಒಪ್ಪಿದ್ದಾರೆ. ಆದರೆ ಲೇಖನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆಯ ನುಡಿ ಫಾಂಟಿನಲ್ಲಿ ಬಂದಿವೆ. ಯೂನಿಕೋಡಿಗೆ ಬದಲಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿವೆ. ಸಾಲು ಸಾಲೂ ಓದಿ ತಿದ್ದದೆ ಬೇರೆ ದಾರಿಯಿಲ್ಲ. 9ನೇ ತಾರೀಖು ಸೋಮವಾರ ಸಂಜೆಗೆ ಮುಗಿದಿರುವುದು 64 ಪುಟ.

ಗಡುವು ತಪ್ಪುತ್ತದೆಂದು ಗೊತ್ತಾಗುವುದು ಇಂಥ ಲೆಕ್ಕದಲ್ಲೇ. ದಿನಕ್ಕೆ 20 ಪುಟ ಅಂದುಕೊಂಡಿದ್ದು, ಆಗುತ್ತಿರುವುದು 12. ಉಳಿದ 96 ಪುಟಕ್ಕೆ 8 ದಿನ ಬೇಕು. ನಡುವಿನ ಭಾನುವಾರ ಬಿಟ್ಟರೆ 18ಕ್ಕೆ ಮುಗಿಯುತ್ತದೆ. ಕೊನೆಯ ಪ್ರೂಫಿಗೆ ಒಂದು ದಿನ, ಕರೆಂಟು ಹೋದರೆ, ಜ್ವರ ಬಂದರೆ ಇರಲೆಂದು ಇನ್ನೊಂದು. ಹೀಗೆ 20ನೇ ತಾರೀಖು ಶುಕ್ರವಾರ ಹೊರಬಿತ್ತು. ಕೇಳಲು ಸಂಕೋಚವೆಂದು ಅದನ್ನು 18 ಎಂದು ಬರೆದರೆ ಎರಡನೇ ಸಲ ಕೈಚಾಚಬೇಕಾಗುತ್ತದೆ. ಆಗ ನಿಜವಾದ ಕಾರಣವನ್ನೂ ಯಾರೂ ನಂಬುವುದಿಲ್ಲ.

ಇಷ್ಟಾದ ಮೇಲೂ ಒಂದು ವಿಷಯ ತಿಳಿದುಕೊಳ್ಳಬೇಕು: ಗ್ರಾಹಕರ ಮುಂದಿನ ಕೆಲಸ ಯಾವಾಗ? ಸಮಾರಂಭ 29ಕ್ಕೆ, ಪ್ರೆಸ್ಸಿನವರಿಗೆ ಆರು ದಿನ ಸಾಕು. 21ಕ್ಕೆ ಶುರುವಾದರೆ, ಭಾನುವಾರ ರಜೆಯಾದರೂ 27ಕ್ಕೆ ಪುಸ್ತಕ ಕೈಗೆ ಬರುತ್ತದೆ. ಇದನ್ನು ಪ್ರೆಸ್ಸಿಗೆ ಫೋನು ಮಾಡಿ ಖಚಿತಪಡಿಸಿಕೊಂಡೇ ಬರೆಯಬೇಕು.

ಪತ್ರ ಹೀಗಿದ್ದರೆ ಸಾಕು:

“ಕಾರ್ಯದರ್ಶಿಗಳಿಗೆ ನಮಸ್ಕಾರ. ಸ್ಮರಣ ಸಂಚಿಕೆಯನ್ನು 16ರ ಬದಲು 20ನೇ ತಾರೀಖು ಶುಕ್ರವಾರ ಸಂಜೆ 5ಕ್ಕೆ ಕೊಡಲು ಒಪ್ಪಿಗೆ ಕೋರುತ್ತೇನೆ. ಹಳೆಯ ಫಾಂಟಿನ ಲೇಖನಗಳನ್ನು ಬದಲಿಸಿದಾಗ ಅಕ್ಷರಗಳು ಕೆಟ್ಟಿದ್ದು, ಪ್ರತಿ ಪುಟವನ್ನೂ ಮತ್ತೆ ಓದಿ ತಿದ್ದಬೇಕಾಗಿದೆ. ಒಂದು ಮಾದರಿ ಪುಟ ಲಗತ್ತಿಸಿದ್ದೇನೆ. ಮುಗಿದ 64 ಪುಟಗಳನ್ನು ನಾಳೆಯೇ ಕಳಿಸುತ್ತೇನೆ, ಸಮಿತಿಯವರು ನೋಡಲು ಶುರುಮಾಡಬಹುದು. 27ಕ್ಕೆ ಪುಸ್ತಕ ಕೊಡಲು ಪ್ರೆಸ್ಸಿನವರು ಒಪ್ಪಿದ್ದಾರೆ. ಬುಧವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.”

ಬೇಡಿಕೆ ಮೊದಲ ಸಾಲಿನಲ್ಲೇ ಬಂದಿದೆ, ಕಾರಣಕ್ಕೆ ಒಂದೇ ವಾಕ್ಯ ಹಿಡಿದಿದೆ. ಲೇಖನ ಕಳಿಸಿದವರ ಮೇಲೆ ದೂರಿಲ್ಲ. ಮಾದರಿ ಪುಟ ಇಡುವುದನ್ನು ಮಾತ್ರ ನಾನು ಯಾವತ್ತೂ ಬಿಡಬೇಡಿ ಎನ್ನುತ್ತೇನೆ. ಕೆಟ್ಟ ಅಕ್ಷರ ಕಣ್ಣಿಗೆ ಬಿದ್ದರೆ ವಿವರಣೆಯೇ ಬೇಡ.

ಕಾರ್ಯದರ್ಶಿಗಳು ಫೋನಿನಲ್ಲಿ “ಆಯ್ತು ಬಿಡಿ” ಎಂದರೂ ಒಪ್ಪಿಗೆಯನ್ನು ಒಂದು ಸಾಲಿನ ಮೇಲ್‌ನಲ್ಲಿ ಕೇಳಿ ಪಡೆಯಬೇಕು. ಕೆಲಸ ಪಡೆಯುವವರು ಸಮಯ ವಿಸ್ತರಿಸಬಹುದೆಂದು 1872ರ ಭಾರತೀಯ ಒಪ್ಪಂದ ಕಾಯಿದೆಯ 63ನೇ ಕಲಮು ಹೇಳುತ್ತದೆ. ಆದರೆ ತಡವಾದ ದಿನಕ್ಕಿಷ್ಟು ಎಂದು ಬಿಲ್ಲಿನಲ್ಲಿ ಮುರಿದುಕೊಳ್ಳುವ ಷರತ್ತಿದ್ದರೆ, ನಾಳೆ ತೋರಿಸಲು ಬರಹವೇ ಬೇಕು.

ಒಪ್ಪದೆ ಹೋದರೆ? 16 ಅಂದರೆ 16 ಎಂದು ಕೂತರೆ, ಕೆಲಸದ ಗಾತ್ರದ ಮಾತೆತ್ತಬೇಕು. ಜಾಹೀರಾತು ಮತ್ತು ಶುಭಾಶಯದ ಪುಟಗಳನ್ನು ಸಂಘದವರೇ ಬೇರೆಡೆ ಮಾಡಿಸಬಹುದು, ಇಲ್ಲವೇ ಪ್ರೂಫ್ ಓದಲು ಇನ್ನೊಬ್ಬರನ್ನು ಕೊಡಬಹುದು. ಯಾವುದು ಬೇಕೆಂದು ಅವರೇ ಆರಿಸಲಿ. 9ರಂದೇ ಕೇಳಿದ್ದರಿಂದ ಅದಕ್ಕೆ ಇನ್ನೂ ಸಮಯವಿದೆ.