ಎಂಟು ಗಂಟೆ ಅಂದರೆ ಯಾರ ಎಂಟು ಗಂಟೆ?

ಮಾರ್ಚ್ 10, ಮಂಗಳವಾರ. ಸಂಜೆ 6.50 ಇರಬಹುದು. ವೈಟ್‌ಫೀಲ್ಡ್‌ನ ಆಫೀಸಿನ ಕ್ಯಾಂಟೀನಿನಲ್ಲಿ ನಾವು ನಾಲ್ಕು ಜನ ಟೀ ಕುಡಿಯುತ್ತಾ ಕೂತಿದ್ದೆವು. ಇಂಟರ್ನ್‌ಶಿಪ್‌ಗೆ ಸೇರಿ ನನಗೆ ಆಗ ಎರಡು ತಿಂಗಳು. 7.30ಕ್ಕೆ ಷಿಕಾಗೊದ ಕ್ಲೈಂಟ್ ಎಂಜಿನಿಯರ್‌ಗೆ ನಮ್ಮ ಡೆಮೊ ಇತ್ತು, ಮ್ಯೂನಿಕ್‌ನ ಇನ್ನೊಬ್ಬರೂ ಸೇರಬೇಕಿತ್ತು. ಅಷ್ಟರಲ್ಲಿ ಟೀಮ್ ಲೀಡ್ ಮೇಡಂ ಫೋನ್ ನೋಡಿ, ‘ಏನಪ್ಪಾ ಇದು? ಅವರು ಇಪ್ಪತ್ತು ನಿಮಿಷದಿಂದ ಕಾಯ್ತಿದ್ದಾರಂತೆ’ ಎಂದರು. ನಾವು ಓಡಿ ಮೇಲೆ ಹೋಗುವಷ್ಟರಲ್ಲಿ ಷಿಕಾಗೊದವರು ಕಾಲ್ ಬಿಟ್ಟು ಹೋಗಿದ್ದರು. 7.30ಕ್ಕೆ ಮ್ಯೂನಿಕ್‌ನವರು ಸರಿಯಾಗಿ ಬಂದರು. ಆದರೆ ಒಪ್ಪಿಗೆ ಕೊಡಬೇಕಾದವರೇ ಇರಲಿಲ್ಲ. ಆ ಹೊತ್ತಿಗೆ ಅವರಿಗೆ ಬೇರೆ ಮೀಟಿಂಗ್ ಶುರುವಾಗಿತ್ತು.

ಡೆಮೊ ಒಂದು ವಾರ ಮುಂದೆ ಹೋಯಿತು. ಅದರ ಹಿಂದೆ ಟೆಸ್ಟಿಂಗ್ ಮುಂದೆ ಹೋಯಿತು. ಅದನ್ನು ಸರಿದೂಗಿಸಲು ಇಬ್ಬರು ಶನಿವಾರವೂ ಆಫೀಸಿಗೆ ಬರಬೇಕಾಯಿತು. ಆಹ್ವಾನದ ಮೇಲ್ ಕಳಿಸಿದ್ದು ನಾನೇ. ಅದರಲ್ಲಿದ್ದ ಸಾಲು ಹೀಗಿತ್ತು:

```
Tue 10 March, 7:30 PM IST / 8 AM CST / 3 PM CET
```

ಫೆಬ್ರುವರಿಯ ಹಳೆಯ ಮೇಲ್‌ನಿಂದ ಈ ಸಾಲನ್ನು ಎತ್ತಿ, ದಿನಾಂಕ ಮಾತ್ರ ಬದಲಿಸಿದ್ದೆ. ಫೆಬ್ರುವರಿಯಲ್ಲಿ ಇದು ಸರಿಯಾಗಿಯೇ ಇತ್ತು. ಹಾಗಾದರೆ ಮಾರ್ಚ್‌ನಲ್ಲಿ ಕೆಟ್ಟದ್ದು ಎಲ್ಲಿ?

ನಮ್ಮ ಗಡಿಯಾರದ ಲೆಕ್ಕ ಸರಳ. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದಾರೆ. 15 ಡಿಗ್ರಿಗೆ ಒಂದು ಗಂಟೆಯಂತೆ ಭಾಗಿಸಿದರೆ ಐದೂವರೆ ಗಂಟೆ. ಅಂದರೆ ಪ್ರಪಂಚಕ್ಕೆಲ್ಲ ಆಧಾರವಾಗಿರುವ ಯುಟಿಸಿ ಸಮಯಕ್ಕಿಂತ ನಾವು ಐದೂವರೆ ಗಂಟೆ ಮುಂದೆ, ವರ್ಷವಿಡೀ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆಲ ವರ್ಷ ಇಲ್ಲಿಯೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಈಗ ಅಂಥದ್ದೇನೂ ಇಲ್ಲ. ಅಪ್ಪ ಕೆಲಸ ಮಾಡುವ ಪೀಣ್ಯದ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್ ಅಂದರೆ ಮಧ್ಯಾಹ್ನ ಎರಡು ಗಂಟೆ, ಜನವರಿಯಾದರೂ ಅಷ್ಟೇ, ಜುಲೈಯಾದರೂ ಅಷ್ಟೇ. ಗಡಿಯಾರವೇ ಒಂದು ಗಂಟೆ ಆಚೀಚೆ ಆಗುತ್ತದೆ ಎಂಬ ಯೋಚನೆ ನಮ್ಮ ತಲೆಗೆ ಬರುವುದಿಲ್ಲ.

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹಾಗಲ್ಲ. ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಈ ವರ್ಷ ಅದು ಮಾರ್ಚ್ 8ರಂದು ಆಯಿತು. ಅಂದರೆ ನನ್ನ ಮೀಟಿಂಗ್‌ಗೆ ಎರಡು ದಿನ ಮುಂಚೆ. ಫೆಬ್ರುವರಿಯಲ್ಲಿ ಷಿಕಾಗೊ ಯುಟಿಸಿಗಿಂತ ಆರು ಗಂಟೆ ಹಿಂದಿತ್ತು, ಮಾರ್ಚ್ 8ರಿಂದ ಐದೇ ಗಂಟೆ. ನಮಗೂ ಅವರಿಗೂ ಇದ್ದ ಹನ್ನೊಂದೂವರೆ ಗಂಟೆಯ ಅಂತರ ಹತ್ತೂವರೆಗೆ ಇಳಿಯಿತು. ನಮ್ಮ 7.30 ಆಗ ಅವರಿಗೆ ಬೆಳಿಗ್ಗೆ 9 ಗಂಟೆ. ಅವರ ಎಂಟು ಗಂಟೆ ನಮಗೆ ಸಂಜೆ 6.30. ಅವರು ಮೇಲ್‌ನಲ್ಲಿ ‘8’ ನೋಡಿದರು, ತಮ್ಮ ಗೋಡೆಯ ಗಡಿಯಾರದ ಎಂಟಕ್ಕೆ ಬಂದು ಕೂತರು. ತಪ್ಪೇನಿದೆ?

ತಮಾಷೆಯೆಂದರೆ, ಅಕ್ಷರಶಃ ಓದಿದರೆ ನಾನು ಬರೆದದ್ದೂ ತಪ್ಪಲ್ಲ. ಸಿಎಸ್‌ಟಿ ಎಂಬುದು ಅವರ ಚಳಿಗಾಲದ ಸಮಯದ ಹೆಸರು. ಬೇಸಿಗೆಯಲ್ಲಿ ಅದಕ್ಕೆ ಸಿಡಿಟಿ ಎನ್ನುತ್ತಾರೆ. ‘8 ಗಂಟೆ ಸಿಎಸ್‌ಟಿ’ ಎಂದರೆ ಮಾರ್ಚ್ 10ರಂದು ಅವರ ಗಡಿಯಾರದಲ್ಲಿ 9 ಗಂಟೆಯೇ. ಆದರೆ ಹಾಗೆ ಯಾರೂ ಓದುವುದಿಲ್ಲ. ಅಮೆರಿಕದವರೇ ಬೇಸಿಗೆಯಲ್ಲೂ ರೂಢಿಯ ಮೇಲೆ ಸಿಎಸ್‌ಟಿ, ಇಎಸ್‌ಟಿ ಎಂದು ಬರೆಯುವುದುಂಟು. ಸಾಲದ್ದಕ್ಕೆ ಚೀನಾದ ಸಮಯಕ್ಕೂ ಸಿಎಸ್‌ಟಿ ಎಂದೇ ಹೆಸರು. ನಮ್ಮ ಐಎಸ್‌ಟಿಯ ಕತೆಯೂ ಅದೇ. ಐರ್ಲೆಂಡ್‌ನವರಿಗೂ ಇಸ್ರೇಲ್‌ನವರಿಗೂ ಅದೇ ಮೂರಕ್ಷರದ ಸಮಯ ಇದೆ. ಡಬ್ಲಿನ್‌ನಲ್ಲಿ ಕೂತವರಿಗೆ ಜುಲೈನಲ್ಲಿ ‘ಐಎಸ್‌ಟಿ’ ಅಂದರೆ ಅವರದೇ ಸಮಯ ಅಂದುಕೊಳ್ಳಬಹುದು. ಹಾಗಾಗಿ ಮೊದಲ ಪಾಠ: ಮೂರಕ್ಷರ ಬಿಟ್ಟು ಊರಿನ ಹೆಸರು ಬರೆಯಬೇಕು. ‘ಷಿಕಾಗೊದಲ್ಲಿ ಬೆಳಿಗ್ಗೆ 8’ ಎಂದರೆ ಅದಕ್ಕೆ ಎರಡನೇ ಅರ್ಥವಿಲ್ಲ.

ಮ್ಯೂನಿಕ್‌ನವರು ಹೇಗೆ ಸರಿಯಾಗಿ ಬಂದರು? ಯುರೋಪಿನವರೂ ಗಡಿಯಾರ ತಿರುಗಿಸುತ್ತಾರೆ, ಆದರೆ ಮಾರ್ಚ್‌ನ ಕೊನೆಯ ಭಾನುವಾರ. ಈ ವರ್ಷ ಅದು ಮಾರ್ಚ್ 29. ಅಂದರೆ ಮಾರ್ಚ್ 8ರಿಂದ 29ರವರೆಗೆ ಮೂರು ವಾರ ಅಮೆರಿಕ ಬೇಸಿಗೆಯಲ್ಲಿ, ಯುರೋಪ್ ಇನ್ನೂ ಚಳಿಗಾಲದಲ್ಲಿ. ನಾವು ಎಂದಿನಂತೆ ಎರಡೂ ಇಲ್ಲದೆ. ವರ್ಷದಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಈ ಮೂರು ವಾರಗಳಲ್ಲೇ ಎಂದು ನಮ್ಮ ಫ್ಲೋರ್‌ನ ಹಳಬರು ಹೇಳುತ್ತಿದ್ದರು. ನಾನು ಹೇಳಿಸಿಕೊಂಡದ್ದು ಎಡವಟ್ಟಾದ ಮೇಲೆ.

ಮಾರನೇ ದಿನ ಮೇಡಂ ನನ್ನನ್ನು ಕೂರಿಸಿಕೊಂಡು ಬಿಳಿ ಬೋರ್ಡ್ ಮೇಲೆ ಲೆಕ್ಕ ಮಾಡಿಸಿದರು. ಬೈಯಲಿಲ್ಲ. ಒಂದು ಊರಿನಿಂದ ಇನ್ನೊಂದು ಊರಿಗೆ ನೇರವಾಗಿ ಹಾರಬಾರದು, ನಡುವೆ ಯುಟಿಸಿಯಲ್ಲಿ ಇಳಿದು ಹೋಗಬೇಕು ಎಂಬುದು ಅವರ ಕ್ರಮ. ಮುಂದಿನ ಮಂಗಳವಾರ, ಮಾರ್ಚ್ 17. ಷಿಕಾಗೊದಲ್ಲಿ ಬೆಳಿಗ್ಗೆ 8. ಆ ದಿನ ಷಿಕಾಗೊ ಯುಟಿಸಿಗಿಂತ ಐದು ಗಂಟೆ ಹಿಂದೆ, ಹಾಗಾಗಿ ಐದು ಕೂಡಿಸು: ಯುಟಿಸಿ 13.00. ಬೆಂಗಳೂರು ಐದೂವರೆ ಮುಂದೆ: 18.30, ಅಂದರೆ ಸಂಜೆ 6.30. ಮ್ಯೂನಿಕ್ ಆ ದಿನ ಒಂದೇ ಗಂಟೆ ಮುಂದೆ: ಮಧ್ಯಾಹ್ನ 2. ಕೊನೆಗೆ ಉಲ್ಟಾ ಲೆಕ್ಕ: 18.30ರಿಂದ 5.30 ಕಳೆದರೆ 13.00, ಅದರಿಂದ ಐದು ಕಳೆದರೆ 8. ಹೊರಟಲ್ಲಿಗೇ ಬಂದು ನಿಂತರೆ ಕೂಡುವುದು ಕಳೆಯುವುದು ಸರಿ. ಆದರೆ ‘ಐದು ಗಂಟೆ ಹಿಂದೆ’ ಎಂಬ ಮೊದಲ ಅಂಕಿಯೇ ತಪ್ಪಾಗಿದ್ದರೆ ಉಲ್ಟಾ ಲೆಕ್ಕದಲ್ಲೂ ಅದು ಸಿಗುವುದಿಲ್ಲ. ಅದನ್ನು ‘ಆ ದಿನಾಂಕಕ್ಕೆ’ ಎಷ್ಟು ಎಂದು ನೋಡಲೇಬೇಕು, ‘ಇವತ್ತು’ ಎಷ್ಟು ಎಂದಲ್ಲ. ಫೋನಿನ ವರ್ಲ್ಡ್ ಕ್ಲಾಕ್ ತೋರಿಸುವುದು ಈ ಕ್ಷಣದ ಅಂತರ. ಮಾರ್ಚ್ 5ರಂದು ಅದನ್ನು ನೋಡಿ ಮಾರ್ಚ್ 10ರ ಮೀಟಿಂಗ್ ಇಟ್ಟರೆ ನನಗಾದದ್ದೇ ಆಗುತ್ತದೆ.

ಪೈಥಾನ್ ಗೊತ್ತಿರುವವರು ಆ ದಿನಾಂಕದ ಅಂತರವನ್ನು ಹೀಗೆ ನೋಡಬಹುದು:

```python
from datetime import datetime
from zoneinfo import ZoneInfo

t = datetime(2026, 3, 17, 8, 0, tzinfo=ZoneInfo("America/Chicago"))
for z in ("Asia/Kolkata", "Europe/Berlin"):
    print(z, t.astimezone(ZoneInfo(z)))
```

ಉತ್ತರ ಹೀಗೆ ಬರುತ್ತದೆ:

```
Asia/Kolkata 2026-03-17 18:30:00+05:30
Europe/Berlin 2026-03-17 14:00:00+01:00
```

ಇಲ್ಲಿ ಬೆಂಗಳೂರು ಎಂಬ ಹೆಸರಿಲ್ಲ. ಇಡೀ ಭಾರತಕ್ಕೆ ಕೋಲ್ಕತ್ತ, ಜರ್ಮನಿಗೆ ಬರ್ಲಿನ್. ಕೊನೆಯಲ್ಲಿರುವ `+05:30`, `+01:00` ಎಂಬುದೇ ಆ ದಿನದ ಅಂತರ. ದಿನಾಂಕವನ್ನು ಏಪ್ರಿಲ್ 7 ಎಂದು ಬದಲಿಸಿ ನೋಡಿ. ಬರ್ಲಿನ್‌ನದು `+02:00` ಆಗಿ, ಮಧ್ಯಾಹ್ನ 3 ಗಂಟೆ ಬರುತ್ತದೆ. ವಿಂಡೋಸ್‌ನಲ್ಲಿ ಊರಿನ ಹೆಸರು ಸಿಗುತ್ತಿಲ್ಲ ಎಂಬ ದೋಷ ಬಂದರೆ `pip install tzdata` ಮಾಡಿದರೆ ಸರಿಯಾಗುತ್ತದೆ.

ಅವತ್ತು ಮೇಡಂ ಕೇಳಿದ ಇನ್ನೊಂದು ಪ್ರಶ್ನೆ ನನಗೆ ಹೊಸದು. ‘ಇನ್ಮೇಲೆ ಇದು ಪ್ರತಿ ಮಂಗಳವಾರ ಅಂತಾಗ್ಲಿ. ಆದ್ರೆ ಇದು ಯಾರ ಗಡಿಯಾರದ ಮೀಟಿಂಗು?’ ವಾರವಾರ ನಡೆಯುವ ಮೀಟಿಂಗನ್ನು ಕ್ಯಾಲೆಂಡರಿನಲ್ಲಿ ಹಾಕಿದಾಗ ಅದು ಒಂದು ಊರಿನ ಸಮಯಕ್ಕೆ ಗಂಟು ಹಾಕಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಆಹ್ವಾನ ಕಳಿಸಿದವರ ಊರು. ಬೆಂಗಳೂರಿನ 7.30ಕ್ಕೆ ಗಂಟು ಹಾಕಿದರೆ ನಮಗೆ ವರ್ಷವಿಡೀ 7.30, ಷಿಕಾಗೊದವರಿಗೆ ಚಳಿಗಾಲದಲ್ಲಿ 8, ಬೇಸಿಗೆಯಲ್ಲಿ 9. ಅವರಿಗೆ 9ಕ್ಕೆ ಬೇರೆ ಮೀಟಿಂಗ್ ಇದೆ. ಷಿಕಾಗೊದ 8ಕ್ಕೆ ಗಂಟು ಹಾಕಿದರೆ ಅವರಿಗೆ ಯಾವಾಗಲೂ 8, ನಮಗೆ ಚಳಿಗಾಲದಲ್ಲಿ 7.30, ಬೇಸಿಗೆಯಲ್ಲಿ 6.30. ಗಡಿಯಾರ ತಿರುಗಿಸದ ನಮ್ಮ ದಿನಚರಿಯೇ ಆಗ ಜರುಗಬೇಕು. ಮ್ಯೂನಿಕ್‌ನವರಿಗೆ ಆ ಮೂರು ವಾರ 2 ಗಂಟೆ, ಮತ್ತೆ 3.

ಒಂದು ಗಂಟೆಗೆ ಏನು ಮಹಾ ಎನ್ನಬಹುದು. ಆದರೆ ನಮ್ಮ ತಂಡದ ಒಬ್ಬರು ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಬರುವವರು. ಮೀಟಿಂಗ್ ಮುಗಿಸಿ ಹೊರಡುವ ಹೊತ್ತಿನ ಮೇಲೆ ಅವರು ಮನೆ ಸೇರುವ ಹೊತ್ತು ಒಂದಕ್ಕೆರಡು ಆಗುತ್ತದೆ. ಅವರನ್ನೂ ಕೇಳಿಕೊಂಡೇ ಷಿಕಾಗೊದ ಎಂಟು ಗಂಟೆ ಎಂದು ನಿರ್ಧಾರವಾಯಿತು. ಆಹ್ವಾನವನ್ನು ಷಿಕಾಗೊದ ಸಮಯವಲಯ ಆರಿಸಿಯೇ ಮಾಡಿದೆ. ಮೇಲ್‌ನಲ್ಲಿ ಬರೆದದ್ದು ಹೀಗೆ:

```
Tuesday, 17 March 2026
Chicago 8:00 AM | Munich 2:00 PM | Bengaluru 6:30 PM | UTC 13:00
```

ಇಲ್ಲಿ ವಾರದ ಹೆಸರಿಗೂ ಕೆಲಸವಿದೆ. ಈ ಮೀಟಿಂಗ್‌ನಲ್ಲಿ ಮೂರೂ ಊರಿಗೆ ಮಂಗಳವಾರವೇ. ಆದರೆ ಕ್ಯಾಲಿಫೋರ್ನಿಯಾದವರು ಬೇಸಿಗೆಯಲ್ಲಿ ‘ಶುಕ್ರವಾರ ಸಂಜೆ 5.30’ ಎಂದರೆ ನಮಗೆ ಅದು ಶನಿವಾರ ಬೆಳಿಗ್ಗೆ 6. ಹಾಗಾದಾಗ ಪ್ರತಿ ಊರಿನ ಮುಂದೆಯೂ ವಾರ ಬರೆಯಬೇಕು.

ಹಳಬರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗು ಹಿಡಿದು ಓದಿದರೆ ಲಂಡನ್ ಸಮಯ ಸಿಗುತ್ತದೆ. ನಮ್ಮ 3 ಗಂಟೆ ತಲೆಕೆಳಗಾದರೆ ಸುಮಾರು ಒಂಬತ್ತೂವರೆಯಂತೆ ಕಾಣುತ್ತದೆ. ಐದೂವರೆ ಗಂಟೆಯ ಅಂತರದ ಚಮತ್ಕಾರ ಅದು. ಆದರೆ ಚಳಿಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆಯಷ್ಟೇ ಹಿಂದೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇದು ಸಂದರ್ಶನದ ಮೇಲ್‌ನಲ್ಲಿ ಎದುರಾಗಬಹುದು. ಜುಲೈನಲ್ಲಿ ‘10 AM EST’ ಎಂದು ಬಂತು ಎನ್ನಿ. ಬರೆದವರ ಮನಸ್ಸಿನಲ್ಲಿರುವುದು ಬಹುಶಃ ನ್ಯೂಯಾರ್ಕ್‌ನ ಹತ್ತು ಗಂಟೆ, ನಮಗೆ ಸಂಜೆ 7.30. ಅಕ್ಷರಶಃ ಓದಿದರೆ 8.30. ಊಹೆ ಮಾಡಬೇಡಿ. ‘ನ್ಯೂಯಾರ್ಕ್‌ನ ಬೆಳಿಗ್ಗೆ 10, ಅಂದರೆ ಬೆಂಗಳೂರಿನ ಸಂಜೆ 7.30 ಎಂದು ತಿಳಿದುಕೊಂಡಿದ್ದೇನೆ, ಸರಿಯೇ?’ ಎಂದು ಒಂದು ಸಾಲು ಇಂಗ್ಲಿಷ್‌ನಲ್ಲಿ ಉತ್ತರಿಸಿ. ಕೇಳಿದರೆ ಪೆದ್ದರೆಂದು ತಿಳಿಯುತ್ತಾರೇನೋ ಎಂಬ ಸಂಕೋಚ ನನಗೂ ಇತ್ತು. ಈಗಿಲ್ಲ. ಉತ್ತರ ಬರದಿದ್ದರೆ 7.30ಕ್ಕೇ ಸಿದ್ಧರಾಗಿ ಕೂರಿ. ಒಂದು ಗಂಟೆ ಕಾದರೆ ನಷ್ಟವಿಲ್ಲ, ತಡವಾದರೆ ಇದೆ.

ಮುಂದಿನ ಗಂಡಾಂತರ ಅಕ್ಟೋಬರ್‌ನಲ್ಲಿದೆ. ಯುರೋಪ್ 25ರಂದು ಗಡಿಯಾರ ಹಿಂದಿಡುತ್ತದೆ, ಅಮೆರಿಕ ನವೆಂಬರ್ 1ರಂದು. ನಡುವಿನ ಮಂಗಳವಾರ ಅಕ್ಟೋಬರ್ 27. ಅವತ್ತು ಮ್ಯೂನಿಕ್‌ನವರಿಗೆ ಮತ್ತೆ 2 ಗಂಟೆ, ನಮಗೆ 6.30. ನವೆಂಬರ್ 3ರಿಂದ ನಮಗೆ 7.30. ನನ್ನ ಇಂಟರ್ನ್‌ಶಿಪ್ ಮುಗಿದಿದೆ. ಆದರೂ ಹೊರಡುವ ದಿನ ಆ ಎರಡು ಮಂಗಳವಾರಗಳ ಸಮಯವನ್ನು ಬರೆದು, ನನ್ನ ಜಾಗಕ್ಕೆ ಬಂದ ಹುಡುಗಿಯ ಮಾನಿಟರ್ ಕೆಳಗೆ ಅಂಟಿಸಿ ಬಂದೆ.