ಹೌದು–ಅಲ್ಲಗಳಲ್ಲೇ ಗ್ರಾಂ ಹಿಡಿಯುವ ಚಿಪ್

ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆ ಎತ್ತಿ ನೋಡಿದರೆ ಕೆಳಗೆ ಒಂದು ಅಲ್ಯೂಮಿನಿಯಂ ತುಂಡು ಕಾಣುತ್ತದೆ. ಅದೇ ಲೋಡ್ ಸೆಲ್. ಮೇಲೆ ಅಕ್ಕಿ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದರ ಮೈಗೆ ಅಂಟಿಸಿದ ನಾಲ್ಕು ಸ್ಟ್ರೇನ್ ಗೇಜ್‌ಗಳ ವಿದ್ಯುತ್ ರೋಧ ಒಂದಿಷ್ಟು ಬದಲಾಗುತ್ತದೆ. ಸಾಮಾನ್ಯ ಲೋಡ್ ಸೆಲ್ಲಿಗೆ 5 ವೋಲ್ಟ್ ಕೊಟ್ಟರೆ, ಪೂರ್ತಿ 30 ಕೆಜಿ ಹೇರಿದಾಗ ಹೊರಗೆ ಬರುವುದು ಬರೀ 10 ಮಿಲಿವೋಲ್ಟ್. ಹಾಗಿದ್ದರೆ 5 ಗ್ರಾಂಗೆ ಎಷ್ಟು? ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲಿಗಿಂತ ತುಸು ಹೆಚ್ಚು. ಇಷ್ಟು ಸಣ್ಣ ಏರಿಳಿತವನ್ನು ಗುರುತಿಸಿ ಅಂಕಿಯಾಗಿಸುವ ಕೆಲಸವನ್ನು ಎಷ್ಟೋ ಅಗ್ಗದ ತಕ್ಕಡಿಗಳಲ್ಲಿ ಎಚ್‌ಎಕ್ಸ್711 ಎಂಬ ಪುಟ್ಟ ಚಿಪ್ ಮಾಡುತ್ತದೆ. 24 ಬಿಟ್‌ನ ಪರಿವರ್ತಕ ಎಂದು ಅದರ ವಿವರಪತ್ರ ಹೇಳುತ್ತದೆ. ಅಂದರೆ 1.67 ಕೋಟಿಗೂ ಹೆಚ್ಚು ಮೆಟ್ಟಿಲುಗಳು.

ಅಷ್ಟು ಮೆಟ್ಟಿಲುಗಳ ಅಳತೆಗೋಲನ್ನು ಸಿಲಿಕಾನ್ ಮೇಲೆ ಯಾರೂ ಕೊರೆದಿಲ್ಲ, ಕೊರೆಯಲು ಬರುವುದೂ ಇಲ್ಲ. ಹಳೆಯ ದಾರಿಯಲ್ಲಿ ಒಂದಕ್ಕಿಂತ ಒಂದು ಸರಿಯಾಗಿ ಇಮ್ಮಡಿ ಇರುವ ರೆಸಿಸ್ಟರ್ ಅಥವಾ ಕೆಪಾಸಿಟರ್‌ಗಳ ಸಾಲು ಬೇಕು. ಬರೀ 16 ಬಿಟ್ ಬೇಕೆಂದರೂ ಅತಿ ದೊಡ್ಡ ತೂಕದ ಬಿಡಿಭಾಗ ಅರವತ್ತೈದು ಸಾವಿರದಲ್ಲಿ ಒಂದು ಪಾಲಿಗಿಂತ ಹೆಚ್ಚು ತಪ್ಪುವಂತಿಲ್ಲ. ತಪ್ಪಿದರೆ ಮೆಟ್ಟಿಲುಗಳು ಸಮನಾಗಿರುವುದಿಲ್ಲ. ಒಂದೆರಡು ಕಡೆ ತೂಕ ಹೆಚ್ಚಿದಾಗ ಅಂಕಿ ಇಳಿಯುವ ವಿಚಿತ್ರವೂ ನಡೆದೀತು. ಡೆಲ್ಟಾ–ಸಿಗ್ಮಾ ಜಾತಿಯ ಪರಿವರ್ತಕ ಈ ಗೋಜಿಗೇ ಹೋಗುವುದಿಲ್ಲ. ಅದರ ಅತಿ ಸರಳ ರೂಪದಲ್ಲಿ ಅಳೆಯುವ ಸಾಧನ ಒಂದೇ ಒಂದು ಕಂಪ್ಯಾರೇಟರ್. ‘ಮಿತಿ ಮುಟ್ಟಿತೇ?’ ಎಂದು ಕೇಳಿದರೆ ‘ಹೌದು’ ಅಥವಾ ‘ಇಲ್ಲ’ ಎನ್ನುವುದಷ್ಟೇ ಅದಕ್ಕೆ ಗೊತ್ತು. ಒಂದು ಬಿಟ್. ಎರಡೇ ಮಟ್ಟಗಳಿರುವುದರಿಂದ ಮೆಟ್ಟಿಲು ಏರುಪೇರಾಗುವ ಪ್ರಶ್ನೆಯೇ ಏಳುವುದಿಲ್ಲ. ಎರಡು ಬಿಂದುಗಳ ನಡುವೆ ಎಳೆದ ಗೆರೆ ಯಾವಾಗಲೂ ನೇರವೇ. ಆದರೆ ಎರಡೇ ಮಟ್ಟದಿಂದ ಗ್ರಾಂ ಹೇಗೆ ಹುಟ್ಟುತ್ತದೆ?

ಒಂದು ಮನೆಯ ಪತ್ರಿಕೆ ಲೆಕ್ಕ ನೋಡೋಣ. ಪತ್ರಿಕೆಯ ಬೆಲೆ ದಿನಕ್ಕೆ 7 ರೂಪಾಯಿ. ಮನೆಯಲ್ಲಿ ಇರುವುದೆಲ್ಲ ಹತ್ತರ ನೋಟು, ಹುಡುಗನ ಬಳಿ ಚಿಲ್ಲರೆ ಇಲ್ಲ. ಹಾಗಾಗಿ ಒಂದು ಒಪ್ಪಂದ: ದಿನಾ ಬಾಕಿ ಕೂಡಿಸುತ್ತಾ ಹೋಗುವುದು, ಬಾಕಿ ಹತ್ತು ಮುಟ್ಟಿದ ದಿನ ಒಂದು ನೋಟು ಕೊಟ್ಟು ಉಳಿದದ್ದನ್ನು ಮುಂದಕ್ಕೆ ಒಯ್ಯುವುದು. ಮೊದಲ ದಿನ ಬಾಕಿ 7, ನೋಟಿಲ್ಲ. ಎರಡನೆಯ ದಿನ 14. ಒಂದು ನೋಟು ಕೊಟ್ಟು ಉಳಿದದ್ದು 4. ಮೂರನೆಯ ದಿನ 11. ಒಂದು ನೋಟು, ಉಳಿದದ್ದು 1. ನಾಲ್ಕನೆಯ ದಿನ 8, ನೋಟಿಲ್ಲ. ಹೀಗೇ ಹತ್ತನೆಯ ದಿನ ಬಾಕಿ ಸರಿಯಾಗಿ 10 ಆಗಿ ಲೆಕ್ಕ ಚುಕ್ತಾ. ಕೊಟ್ಟದ್ದನ್ನು 1, ಕೊಡದ್ದನ್ನು 0 ಎಂದು ಬರೆದರೆ 0110110111. ಹತ್ತರಲ್ಲಿ ಏಳು ಒಂದುಗಳು. ಪತ್ರಿಕೆಯ ಬೆಲೆ ಗೊತ್ತಿಲ್ಲದವನು ಈ ಸಾಲನ್ನಷ್ಟೇ ನೋಡಿ, ಸರಾಸರಿ ತೆಗೆದು, 7 ರೂಪಾಯಿ ಎಂದು ಹೇಳಬಲ್ಲ.

ಚಿಪ್ಪಿನೊಳಗೆ ನಡೆಯುವುದೂ ಇದೇ. ಬೆಲೆಯ ಜಾಗದಲ್ಲಿ ಲೋಡ್ ಸೆಲ್ಲಿನಿಂದ ಬಂದು ವರ್ಧಕದಲ್ಲಿ ಹಿಗ್ಗಿದ ವೋಲ್ಟೇಜು. 30 ಕೆಜಿಯ ತಕ್ಕಡಿಯ ಮೇಲೆ 21 ಕೆಜಿ ಅಕ್ಕಿ ಇಟ್ಟರೆ ಅದು ಪೂರ್ಣ ಮಿತಿಯ ಹತ್ತರಲ್ಲಿ ಏಳು ಪಾಲು. ಬಾಕಿ ಪುಸ್ತಕದ ಜಾಗದಲ್ಲಿ ಇಂಟಿಗ್ರೇಟರ್, ಅಂದರೆ ಬಂದ ವಿದ್ಯುದಂಶವನ್ನು ಕೂಡಿಸುತ್ತಾ ಹೋಗುವ ಕೆಪಾಸಿಟರ್ ಮತ್ತು ಆಂಪ್ಲಿಫೈಯರ್. ‘ಹತ್ತು ಮುಟ್ಟಿತೇ’ ಎಂದು ನೋಡುವುದು ಕಂಪ್ಯಾರೇಟರ್. ನೋಟು ಕೊಡುವುದೆಂದರೆ ಇಂಟಿಗ್ರೇಟರಿನಿಂದ ಒಂದು ನಿಗದಿತ ಪ್ರಮಾಣದ ವಿದ್ಯುದಂಶವನ್ನು ಕಳೆಯುವುದು. ಇದೆಲ್ಲ ನಡೆಯುವುದು ದಿನಕ್ಕೊಮ್ಮೆ ಅಲ್ಲ, ಸೆಕೆಂಡಿಗೆ ಸಾವಿರಾರು, ಕೆಲವು ಚಿಪ್‌ಗಳಲ್ಲಿ ಲಕ್ಷಾಂತರ ಸಲ.

ಇಲ್ಲಿ ಒಂದು ಸಂದೇಹ ಬರುವುದು ಸಹಜ: ಬಾಕಿ ಪುಸ್ತಕದ ರಗಳೆ ಏಕೆ, ಬರೀ ಹೆಚ್ಚು ಸಲ ಅಳೆದು ಸರಾಸರಿ ತೆಗೆದರೆ ಸಾಲದೇ? ಸಾಲದು. ಮಿತಿ 5 ಎಂದಿಟ್ಟುಕೊಂಡ ಬರೀ ಕಂಪ್ಯಾರೇಟರಿಗೆ 7 ಕೊಟ್ಟು ಕೋಟಿ ಸಲ ಕೇಳಿದರೂ ಅದು ‘ಹೌದು’ ಎಂದೇ ಹೇಳುತ್ತದೆ. 6 ಕೊಟ್ಟರೂ ಅದೇ ಉತ್ತರ. ಬೇಕೆಂದೇ ಒಂದಿಷ್ಟು ಗದ್ದಲ ಬೆರೆಸಿ, ಉತ್ತರ ಕೆಲವೊಮ್ಮೆ ಹೌದು, ಕೆಲವೊಮ್ಮೆ ಇಲ್ಲ ಎಂದು ಬರುವಂತೆ ಮಾಡಬಹುದು. ಆಗ ಸರಾಸರಿ ನಿಜಕ್ಕೆ ಹತ್ತಿರವಾಗುತ್ತದೆ, ಆದರೆ ಆಮೆಯ ನಡಿಗೆಯಲ್ಲಿ: ಸಾವಿರದಲ್ಲಿ ಒಂದರಷ್ಟು ನಿಖರತೆಗೆ ಸುಮಾರು ಎರಡು ಲಕ್ಷ ಸಲ ಕೇಳಬೇಕು. ಬಾಕಿ ಪುಸ್ತಕ ಇದ್ದರೆ ಸಾವಿರ ಸಲ ಸಾಕು. ಎಷ್ಟು ದಿನ ಕಳೆದರೂ ಬಾಕಿ ಹತ್ತು ರೂಪಾಯಿ ಮೀರುವುದಿಲ್ಲವಲ್ಲ. ಸಾವಿರ ದಿನದ ಒಟ್ಟು ಲೆಕ್ಕದಲ್ಲೂ ತಪ್ಪು ಒಂದು ನೋಟಿಗಿಂತ ಕಡಿಮೆಯೇ.

ಈ ಉಪಾಯದ ಜೀವ ಇರುವುದು ಇಲ್ಲೇ, ಆದ್ದರಿಂದ ತುಸು ನಿಧಾನವಾಗಿ ನೋಡೋಣ. ಒಂದೊಂದು ದಿನವನ್ನೇ ನೋಡಿದರೆ ಪಾವತಿ ವಿಪರೀತ ತಪ್ಪು. ಒಂದು ದಿನ 7 ರೂಪಾಯಿ ಕಡಿಮೆ, ಮರುದಿನ 3 ರೂಪಾಯಿ ಹೆಚ್ಚು. ಆದರೆ ಪ್ರತಿ ದಿನದ ಈ ತಪ್ಪು ಎಂದರೆ ಇಂದಿನ ಬಾಕಿ ಮತ್ತು ನಿನ್ನೆಯ ಬಾಕಿಗಳ ನಡುವಿನ ವ್ಯತ್ಯಾಸವಷ್ಟೇ. ಬಹಳ ದಿನಗಳನ್ನು ಕೂಡಿದಾಗ ನಡುವಿನವೆಲ್ಲ ಒಂದನ್ನೊಂದು ಹೊಡೆದುಹಾಕಿ ಮೊದಲ ಮತ್ತು ಕೊನೆಯ ಬಾಕಿ ಮಾತ್ರ ಉಳಿಯುತ್ತವೆ. ಎಂಜಿನಿಯರುಗಳು ಇದನ್ನೇ ಆವರ್ತನದ ಭಾಷೆಯಲ್ಲಿ ಹೇಳುತ್ತಾರೆ: ನಿಧಾನವಾಗಿ ಬದಲಾಗುವ ತಪ್ಪು ಬಹುತೇಕ ಇಲ್ಲವಾಗಿದೆ, ಕ್ಷಣಕ್ಷಣಕ್ಕೆ ಏರಿಳಿಯುವ ತಪ್ಪು ಹೆಚ್ಚಾಗಿದೆ. ಗದ್ದಲ ನಾಶವಾಗಲಿಲ್ಲ ಎಂಬುದನ್ನು ಗಮನಿಸಬೇಕು. ಸರಳ ಲೆಕ್ಕದಲ್ಲಿ ಅದರ ಒಟ್ಟು ಶಕ್ತಿ ಇಮ್ಮಡಿಯೇ ಆಗಿದೆ! ಆದರೆ ಅದು ನಮಗೆ ಬೇಡದ ಎತ್ತರದ ಆವರ್ತನಗಳಿಗೆ ಹೋಗಿ ಕೂತಿದೆ. ಅಕ್ಕಿಯ ತೂಕವಾದರೋ ಬಲು ನಿಧಾನದ ಸಂಕೇತ. ಎತ್ತರದ ಆವರ್ತನಗಳನ್ನು ತಡೆಯುವ ಡಿಜಿಟಲ್ ಫಿಲ್ಟರ್ ಒಂದನ್ನು ಮುಂದೆ ಇಟ್ಟರೆ ಗದ್ದಲ ಅಲ್ಲೇ ನಿಲ್ಲುತ್ತದೆ, ತೂಕ ಮಾತ್ರ ದಾಟಿ ಬರುತ್ತದೆ. ನಾಯ್ಸ್ ಶೇಪಿಂಗ್ ಎನ್ನುವುದು ಇದಕ್ಕೇ.

ಕೇಳುವ ವೇಗವನ್ನು ಇಮ್ಮಡಿ ಮಾಡಿದಾಗಲೆಲ್ಲ, ಬರೀ ಸರಾಸರಿಯಿಂದ ಅರ್ಧ ಬಿಟ್ ಸಿಗುತ್ತದೆ. ಒಂದು ಬಾಕಿ ಪುಸ್ತಕ ಇದ್ದರೆ ಒಂದೂವರೆ ಬಿಟ್. ಬಾಕಿಯ ಬಾಕಿಯನ್ನೂ ಬರೆದಿಡುವ ಎರಡನೆಯ ಇಂಟಿಗ್ರೇಟರ್ ಸೇರಿಸಿದರೆ ಎರಡೂವರೆ. ಬೇಕಾದ್ದಕ್ಕಿಂತ 256 ಪಟ್ಟು ವೇಗವಾಗಿ ಕೇಳಿದರೆ ಎಂಟು ಸಲ ಇಮ್ಮಡಿಸಿದಂತೆ. ಆಗ ಗಳಿಕೆ ಕ್ರಮವಾಗಿ 4, 12 ಮತ್ತು 20 ಬಿಟ್. ಮೊದಲೇ ತೆರಬೇಕಾದ ಸುಂಕವೆಂದು ಎರಡನೆಯದರಲ್ಲಿ ಒಂದು ಬಿಟ್, ಮೂರನೆಯದರಲ್ಲಿ ಎರಡು ಬಿಟ್ ಕಳೆಯಬೇಕು. ಹಾಗಾದರೆ ಮೂರು, ನಾಲ್ಕು ಪುಸ್ತಕ ಇಡಬಾರದೇಕೆ? ಇಡುತ್ತಾರೆ, ಆದರೆ ಎಚ್ಚರದಿಂದ. ಒಂದು ಬಿಟ್‌ನ ಪರಿವರ್ತಕದಲ್ಲಿ ಮೂರನೆಯ ಇಂಟಿಗ್ರೇಟರ್ ಬಂದ ಮೇಲೆ, ಸಂಕೇತ ಪೂರ್ಣ ಮಿತಿಯ ಹತ್ತಿರ ಹೋದಾಗ ಬಾಕಿಗಳು ಕೈತಪ್ಪಿ ಬೆಳೆಯುತ್ತವೆ, ಮತ್ತೆ ಹಿಡಿತಕ್ಕೆ ಬರುವುದೇ ಇಲ್ಲ. ಅದಕ್ಕಾಗಿ ಇನ್‌ಪುಟ್ಟಿಗೆ ಮಿತಿ ಹಾಕಿ, ಹಳಿ ತಪ್ಪಿದರೆ ಇಂಟಿಗ್ರೇಟರುಗಳನ್ನು ಸೊನ್ನೆಗೆ ತರುವ ವ್ಯವಸ್ಥೆ ಮಾಡಿರುತ್ತಾರೆ.

ಈ ವಿಚಾರ ಹೊಸದಲ್ಲ. ತಪ್ಪನ್ನು ಹಿಂದಕ್ಕೆ ಊಡಿಸುವ ಉಪಾಯಕ್ಕೆ ಕಟ್ಲರ್ ಎಂಬವರು 1954ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದರು. 1962ರಲ್ಲಿ ಜಪಾನಿನ ಇನೋಸೆ, ಯಸುದಾ ಮತ್ತು ಮುರಕಾಮಿ ಇಂದಿನ ರೂಪದ ಮಂಡಲವನ್ನು ವಿವರಿಸಿದರು. ಆದರೂ ಮನೆಮನೆಯ ಉಪಕರಣಗಳನ್ನು ಅದು ಮುಟ್ಟಲು ದಶಕಗಳೇ ಬೇಕಾದವು. ಮುಂದಿರುವ ಡಿಜಿಟಲ್ ಫಿಲ್ಟರ್‌ಗೆ ಬೇಕಾದ ಸಾವಿರಾರು ಟ್ರಾನ್ಸಿಸ್ಟರುಗಳು ಒಂದೇ ಚಿಪ್ಪಿನಲ್ಲಿ ಅಗ್ಗಕ್ಕೆ ಸಿಗುವವರೆಗೂ ಕಾಯಬೇಕಾಯಿತು.

ಈಗ ಆ 24 ಬಿಟ್‌ನ ಮಾತಿಗೆ ಬರೋಣ. ಅದನ್ನು ಹಾಗೆಯೇ ನಂಬಿದರೆ ನಮ್ಮ ತಕ್ಕಡಿಯ ಒಂದು ಮೆಟ್ಟಿಲು 7 ಮಿಲಿಗ್ರಾಂ, ಒಂದು ಅಕ್ಕಿಕಾಳಿಗಿಂತ ಕಡಿಮೆ. ನಿಜದಲ್ಲಿ ಹಾಗಾಗುವುದಿಲ್ಲ. ವರ್ಧಕದ ಟ್ರಾನ್ಸಿಸ್ಟರುಗಳಿಗೆ ತಮ್ಮದೇ ಉಷ್ಣದ ಗದ್ದಲ ಇದೆ, ಅದು ಬಾಕಿ ಪುಸ್ತಕಕ್ಕೆ ಬರುವ ಮೊದಲೇ ಸಂಕೇತದೊಡನೆ ಬೆರೆತಿರುತ್ತದೆ. ನಾಯ್ಸ್ ಶೇಪಿಂಗ್ ಅದನ್ನು ಕದಲಿಸಲಾರದು. ಎಚ್‌ಎಕ್ಸ್711ರ ವಿವರಪತ್ರ ನಿಧಾನದ ವೇಗದಲ್ಲಿ ಈ ಗದ್ದಲವನ್ನು 50 ನ್ಯಾನೊವೋಲ್ಟ್ ಎಂದು ಕೊಡುತ್ತದೆ. ಅದು ಸರಾಸರಿಯ ಅಳತೆ. ಪರದೆಯ ಮೇಲೆ ಅಂಕಿ ಕುಣಿಯುವ ಪೂರ್ತಿ ಅಗಲ ಅದರ ಆರೂವರೆ ಪಟ್ಟು, ಸುಮಾರು 330 ನ್ಯಾನೊವೋಲ್ಟ್. ನಮ್ಮ 30 ಕೆಜಿ ತಕ್ಕಡಿಯಲ್ಲಿ ಅದು ಸರಿಸುಮಾರು ಒಂದು ಗ್ರಾಂ. ನಂಬಬಹುದಾದ ಮೆಟ್ಟಿಲುಗಳು 1.67 ಕೋಟಿ ಅಲ್ಲ, ಮೂವತ್ತು ಸಾವಿರ. 5 ಗ್ರಾಂ ತೋರಿಸುವ ತಕ್ಕಡಿಗೆ ಅದು ಧಾರಾಳ. ಆದರೆ ಪೊಟ್ಟಣದ ಮೇಲಿನ ಬಿಟ್ ಎಣಿಸಿ ಚಿಪ್ ಕೊಳ್ಳುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ನಿಧಾನವೂ ಈ ವ್ಯವಹಾರದ ಭಾಗವೇ. ಸೆಕೆಂಡಿಗೆ ಹತ್ತು ಅಂಕಿ ಕೊಡುವಾಗ ಇದೇ ಚಿಪ್ಪಿಗೆ ತೂಕ ಬದಲಾದ ಮೇಲೆ ನೆಲೆಗೊಳ್ಳಲು 400 ಮಿಲಿಸೆಕೆಂಡ್ ಬೇಕು, ಏಕೆಂದರೆ ಫಿಲ್ಟರಿನ ಹೊಟ್ಟೆಯಲ್ಲಿ ಹಳೆಯ ಬಿಟ್‌ಗಳು ಇನ್ನೂ ಇರುತ್ತವೆ.

ಇದಕ್ಕಿಂತ ಕುತೂಹಲದ ಕಾಯಿಲೆ ಒಂದಿದೆ. ಒಂದೇ ಇಂಟಿಗ್ರೇಟರ್ ಇರುವ ಪರಿವರ್ತಕ ಸೆಕೆಂಡಿಗೆ ಹತ್ತು ಸಾವಿರ ಸಲ ಕೇಳುತ್ತಿದೆ ಎನ್ನೋಣ. ತಟ್ಟೆಯ ಮೇಲೆ 3 ಗ್ರಾಂ, ಅಂದರೆ ಮಿತಿಯ ಹತ್ತು ಸಾವಿರದಲ್ಲಿ ಒಂದು ಪಾಲು. ಆಗ 9,999 ಸೊನ್ನೆಗಳ ನಂತರ ಒಂದು 1 ಬರುತ್ತದೆ, ಸರಿಯಾಗಿ ಸೆಕೆಂಡಿಗೆ ಒಂದು. ಇಷ್ಟು ನಿಧಾನದ ಮಿಡಿತವನ್ನು ಫಿಲ್ಟರ್ ತೂಕವೆಂದೇ ಭಾವಿಸಿ ಒಳಗೆ ಬಿಡುತ್ತದೆ. ಗುರುತಿಸುವುದು ಸುಲಭ: ಕೊನೆಯ ಅಂಕಿ ಅಡ್ಡಾದಿಡ್ಡಿ ಕುಣಿದರೆ ಅದು ಉಷ್ಣದ ಗದ್ದಲ, ತಾಳ ಹಾಕಿದಂತೆ ಮಿಡಿದು, ತೂಕವನ್ನು 6 ಗ್ರಾಂ ಮಾಡಿದಾಗ ಮಿಡಿತದ ವೇಗವೂ ಇಮ್ಮಡಿಯಾದರೆ ಅದು ಈ ಕಾಯಿಲೆ. ಇಂಟಿಗ್ರೇಟರ್ ಸೋರುತ್ತಿದ್ದರೆ ಇನ್ನೂ ಕಷ್ಟ. ಬಾಕಿಯನ್ನು ದಿನವೂ ಒಂದಿಷ್ಟು ಮರೆಯುವ ಲೆಕ್ಕಿಗನಂತೆ ಅದು ಹತ್ತನ್ನು ಮುಟ್ಟುವುದೇ ಇಲ್ಲ, 3 ಗ್ರಾಂ ಇಟ್ಟರೂ ಪರದೆ ಸೊನ್ನೆಯನ್ನೇ ತೋರಿಸುತ್ತದೆ. ಎರಡನೆಯ ಇಂಟಿಗ್ರೇಟರ್ ಬಿಟ್‌ಗಳ ಸಾಲನ್ನು ಕಲಸಿ ಈ ತಾಳವನ್ನು ಬಹಳ ಮಟ್ಟಿಗೆ ಮುರಿಯುತ್ತದೆ. ಅದೂ ಸಾಲದಿದ್ದರೆ ಕಂಪ್ಯಾರೇಟರಿನ ಬಾಗಿಲಲ್ಲಿ ಬೇಕೆಂದೇ ಚೂರು ಗದ್ದಲ ಬೆರೆಸುತ್ತಾರೆ. ಆ ಗದ್ದಲವೂ ಅದೇ ಬಾಕಿ ಪುಸ್ತಕದ ಮೂಲಕ ಹಾದು, ಉಳಿದದ್ದರ ಜೊತೆ ಎತ್ತರದ ಆವರ್ತನಗಳಿಗೆ ಹೋಗಿ, ಫಿಲ್ಟರಿನಲ್ಲಿ ಸಿಕ್ಕಿಬೀಳುತ್ತದೆ.